ಏನಿದು, ಅಣ್ಣಾ?

ಔಷಧಿ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದರೂ ಅಂಗಡಿ ನನ್ನ ಬೆನ್ನು ಬಿಡುವುದಿಲ್ಲ. ಮೊದಲೆಲ್ಲ ಕಾಂಪೌಂಡಿನ ಆಚೆಯಿಂದ ಯಾರಾದರೂ ಒಂದು ಶೀಟು ಮಾತ್ರೆ ಎತ್ತಿ ತೋರಿಸುತ್ತಿದ್ದರು. ನಾನು ಕನ್ನಡಕ ಹುಡುಕಿಕೊಂಡು ಹೋಗಿ, ಕೈಗೆ ತೆಗೆದುಕೊಂಡು ತಿರುವಿ ನೋಡುತ್ತಿದ್ದೆ. ಈಗ ಎಲ್ಲರ ಕೈಯಲ್ಲೂ ಫೋನು. ಊಟಕ್ಕೆ ಕೂತಾಗ ವಾಟ್ಸಾಪಿನಲ್ಲಿ ಒಂದು ಫೋಟೊ ಬೀಳುತ್ತದೆ. ಮಾತ್ರೆಯ ಸ್ಟ್ರಿಪ್ ಅಡ್ಡಡ್ಡ, ಅದರ ಮೇಲೆ ಟ್ಯೂಬ್‌ಲೈಟಿನ ಬಿಳಿ ಗೆರೆ, ಹೆಸರಿನ ಅರ್ಧದ ಮೇಲೆ ಫೋಟೊ ತೆಗೆದವರ ಹೆಬ್ಬೆರಳು. ಕೆಳಗೆ ಒಂದೇ ಮಾತು: ‘ಏನಿದು?’

ಯಾರದ್ದು ಅಂತಿಲ್ಲ, ಯಾಕೆ ಅಂತಿಲ್ಲ. ನುಂಗಿ ಆಗಿದೆಯೋ, ನುಂಗಬೇಕೆಂದಿದ್ದಾರೋ, ಮೂಲೆಯಲ್ಲಿ ಸಿಕ್ಕಿತೆಂದು ಕಸದ ಬುಟ್ಟಿಗೆ ಹಾಕುವ ಮುಂಚೆ ಕೇಳುತ್ತಿದ್ದಾರೋ, ಒಂದೂ ತಿಳಿಯುವುದಿಲ್ಲ. ಕೇಳಿದವರಿಗೆ ಅದು ಸಣ್ಣ ಪ್ರಶ್ನೆ. ‘ಜ್ವರದ್ದು’, ‘ಗ್ಯಾಸಿಂದು’, ‘ಬಿಪಿದು’ ಎಂದು ಒಂದು ಮಾತು ಬರೆದುಬಿಟ್ಟರೆ ಅವರಿಗೆ ಸಮಾಧಾನ. ಆದರೆ ಆ ಒಂದು ಮಾತು ಬರೆದ ಮೇಲೆ ಎರಡನೆಯದು ಬಂದೇ ಬರುತ್ತದೆ: ‘ಎಷ್ಟು ತಗೋಬೇಕು?’ ತಕರಾರು ಶುರುವಾಗುವುದು ಅಲ್ಲಿ. ಯಾಕೆಂದರೆ ಮೊದಲನೆಯ ಪ್ರಶ್ನೆಗೆ ಸ್ಟ್ರಿಪ್ ಮೇಲೆ ಉತ್ತರವಿದೆ, ಎರಡನೆಯದಕ್ಕೆ ಇಲ್ಲ.

ನಂಬಿಕೆ ಬರದಿದ್ದರೆ ನಿಮ್ಮ ಮನೆಯ ಯಾವುದಾದರೂ ಸ್ಟ್ರಿಪ್ ತಿರುಗಿಸಿ ನೋಡಿ. ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು. ಅದರ ಹತ್ತಿರವೇ ಔಷಧದ ನಿಜವಾದ ಹೆಸರು, ಕೊನೆಯಲ್ಲಿ ಐ.ಪಿ. ಎಂಬ ಎರಡಕ್ಷರ, ಅಂದರೆ ಭಾರತದ ಔಷಧ ಸಂಹಿತೆಯ ಗುಣಮಟ್ಟಕ್ಕೆ ತಕ್ಕಂತೆ ತಯಾರಾದದ್ದು. ಆಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಪ್ರತಿ ಮಾತ್ರೆಯಲ್ಲಿ ಇರುವುದು’ ಎಂದು ಇಂಗ್ಲಿಷಿನಲ್ಲಿ ಶುರುವಾಗುವ ಒಂದು ವಾಕ್ಯ. ಯಾವ ಔಷಧ, ಎಷ್ಟು ಮಿಲಿಗ್ರಾಂ ಎಂಬುದು ಅದರಲ್ಲಿ. ನಾವು ಅಂಗಡಿಯವರು ಓದುವುದು ಆ ವಾಕ್ಯವನ್ನೇ. ದೊಡ್ಡಕ್ಷರದ ಹೆಸರನ್ನು ನಂಬಿ ಕೂತರೆ ಕೆಟ್ಟೆವು, ಒಂದಕ್ಷರ ಆಚೀಚೆಯಾದರೆ ಹೃದಯದ ಮಾತ್ರೆ ಇದ್ದ ಕಡೆ ಅಲರ್ಜಿಯ ಮಾತ್ರೆ ಬಂದಿರುತ್ತದೆ. ಇಷ್ಟಾದ ಮೇಲೆ ‘ಡೋಸೇಜ್’ ಎಂಬ ಶಬ್ದ ಸಿಗುತ್ತದೆ. ಅದರ ಮುಂದೆ ಏನಿದೆ ಅಂತೀರಿ? ‘ವೈದ್ಯರು ಹೇಳಿದಂತೆ’. ಅಲ್ಲಿಗೆ ಮುಗಿಯಿತು. 500 ಎಂದು ಇದ್ದರೆ ಅದು ಮಾತ್ರೆಯೊಳಗಿರುವ ಔಷಧದ ತೂಕ, ನೀವು ನುಂಗಬೇಕಾದ ಲೆಕ್ಕ ಅಲ್ಲ.

ಈ ವ್ಯತ್ಯಾಸ ಸಣ್ಣದೆಂದು ಕಾಣಬಹುದು. ಹಾಗಿದ್ದರೆ ಆಚೆಮನೆಯ ಹಳದಿ ಮಾತ್ರೆಯ ಕತೆ ಕೇಳಿ.

ಆಚೆಮನೆ ಅಕ್ಕನ ಅತ್ತೆ ಹಳ್ಳಿಯಿಂದ ಬಂದಿದ್ದರು, ನಾನು ದೊಡ್ಡಮ್ಮ ಎನ್ನುವುದು ಅವರನ್ನೇ. ಬೆರಳ ಗಂಟುಗಳೆಲ್ಲ ಬಾತು, ಬೆಳಿಗ್ಗೆ ಎದ್ದರೆ ಲೋಟ ಹಿಡಿಯಲಾಗದಂಥ ಸಂಧಿವಾತ ಅವರಿಗೆ. ಒಂದು ಸಂಜೆ ಅಕ್ಕನಿಂದ ಫೋಟೊ. ಕತ್ತರಿಸಿದ ಅರ್ಧ ಸ್ಟ್ರಿಪ್, ಒಳಗೆ ಸಣ್ಣ ಹಳದಿ ಮಾತ್ರೆಗಳು. ಕತ್ತರಿ ಸರಿಯಾಗಿ ಹೆಸರಿನ ಮೇಲೇ ಹೋಗಿದೆ. ‘...ಟ್ರೆಕ್ಸೇಟ್ ಟ್ಯಾಬ್ಲೆಟ್ಸ್ ಐ.ಪಿ.’ ಎಂಬಷ್ಟು ಬಾಲ ಉಳಿದಿದೆ. ಅಂಕಿ ಇರುವ ಕಡೆ ಬೆಳಕು ಹೊಳೆದು ಏನೂ ಕಾಣುವುದಿಲ್ಲ. ಕೆಳಗೆ, ‘ಏನಿದು, ಅಣ್ಣಾ?’

ಬಾಲ ನೋಡಿಯೇ ನಾನು ಎದ್ದು ಕಾಂಪೌಂಡಿನ ಹತ್ತಿರ ಹೋದೆ. ಇದು ಮೆಥೊಟ್ರೆಕ್ಸೇಟ್. ಫೋನಿನಲ್ಲಿ ಬರೆದು ಮುಗಿಸುವ ಔಷಧ ಅಲ್ಲ.

‘ಯಾರದ್ದಕ್ಕಾ ಇದು?’

‘ಅತ್ತೇದು ಅಣ್ಣಾ. ಅವರು ಮಾತ್ರೆ ಡಬ್ಬಿ ಊರಲ್ಲೇ ಬಿಟ್ಟು ಬಂದಿದ್ರು. ಮೈದುನ ಹೊಸದು ತಂದ್ಕೊಟ್ಟ. ಬಣ್ಣ ಅದೇ, ಆದ್ರೆ ಮೊದಲಿನದಕ್ಕಿಂತ ಬೇರೆ ಥರ ಇದೆ ಅಂತ ಅತ್ತೆ ಅನುಮಾನ ಪಡ್ತಿದಾರೆ.’

‘ಇವತ್ತು ನುಂಗಿದಾರಾ?’

‘ಇಲ್ಲ. ರಾತ್ರಿ ಊಟ ಆದ್ಮೇಲೆ ಮೂರು ಅಂತಾರೆ.’

‘ದಿನಾನಾ?’

ಅಕ್ಕ ಒಳಗೆ ತಿರುಗಿ ಕೂಗಿ ಕೇಳಿದರು. ಒಳಗಿನಿಂದ ಬಂದ ಉತ್ತರ ನನಗೂ ಕೇಳಿಸಿತು: ‘ಮೂರು ಕಣೇ, ರಾತ್ರಿ ಮೂರು. ದಿನಾನೋ ಎಂಥದೋ, ಊರಲ್ಲಿ ಮೊಮ್ಮಗಳು ಎತ್ತಿ ಕೊಡೋಳು.’

ಇಲ್ಲಿ ಸ್ವಲ್ಪ ನಿಲ್ಲೋಣ. ಮೆಥೊಟ್ರೆಕ್ಸೇಟನ್ನು ಸಂಧಿವಾತಕ್ಕೆ ಕೊಡುವುದು ವಾರಕ್ಕೆ ಒಂದು ದಿನ. ದಿನಕ್ಕೆ ಒಂದು ಸಲ ಅಲ್ಲ, ವಾರಕ್ಕೆ ಒಂದು ಸಲ. ಬಿಪಿ, ಶುಗರ್, ಥೈರಾಯ್ಡ್ ಎಂದು ದಿನಾ ನುಂಗಿ ಅಭ್ಯಾಸವಾದ ನಮ್ಮ ಮನೆಗಳಲ್ಲಿ ವಾರಕ್ಕೊಂದು ದಿನದ ಮಾತ್ರೆ ಎಂದರೆ ಯಾರ ತಲೆಗೂ ಹತ್ತುವುದಿಲ್ಲ. ‘ಪಾಪ, ನೋವು ಜಾಸ್ತಿ ಇದೆ, ದಿನಾ ಒಂದು ಕೊಡೋಣ’ ಎನ್ನುವವರೂ ಇದ್ದಾರೆ. ನೋವಿನ ಮಾತ್ರೆ ಎಂದು ತಿಳಿದದ್ದರ ಫಲ ಇದು. ಇದು ನೋವಿನ ಮಾತ್ರೆ ಅಲ್ಲ, ಇವತ್ತು ನುಂಗಿದರೆ ಇವತ್ತು ನೋವು ಇಳಿಯುವುದೂ ಇಲ್ಲ. ಪರಿಣಾಮ ಕಾಣಲು ವಾರಗಟ್ಟಲೆ ಬೇಕು.

ಇದು ಮಾಡುವ ಕೆಲಸ ಬೇರೆ. ಜೀವಕೋಶಗಳು ಹೊಸದಾಗಿ ಹುಟ್ಟಲು ಫೋಲಿಕ್ ಆಮ್ಲ ಎಂಬ ಜೀವಸತ್ವ ಬೇಕು. ಮೆಥೊಟ್ರೆಕ್ಸೇಟ್ ಅದರ ದಾರಿಗೆ ಅಡ್ಡ ಕೂರುತ್ತದೆ. ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಕ್ಯಾನ್ಸರಿನ ಔಷಧ, ವಾರಕ್ಕೊಮ್ಮೆ ಸ್ವಲ್ಪವೇ ಕೊಟ್ಟರೆ ಗಂಟುಗಳನ್ನು ಸುಡುತ್ತಿರುವ ಉರಿಯನ್ನು ತಣಿಸುತ್ತದೆ. ಜೀವಕೋಶದೊಳಗೆ ಹೊಕ್ಕರೆ ದಿನಗಟ್ಟಲೆ ಅಲ್ಲೇ ತಳವೂರುತ್ತದೆ, ಅದಕ್ಕೇ ವಾರಕ್ಕೊಂದು ದಿನ ಸಾಕು. ದಿನಾ ಕೊಟ್ಟರೆ ನಿನ್ನೆಯದು ಹೋಗುವ ಮುಂಚೆ ಇವತ್ತಿನದು ಸೇರಿ ಏರುತ್ತಾ ಹೋಗುತ್ತದೆ. ಹೊರಗೆ ಹಾಕಬೇಕಾದದ್ದು ಮೂತ್ರಪಿಂಡ, ವಯಸ್ಸಾದವರಲ್ಲಿ ಅದೂ ನಿಧಾನ. ಮೊದಲು ಏಟು ಬೀಳುವುದು ಬೇಗ ಬೇಗ ಹೊಸ ಕೋಶ ಹುಟ್ಟಬೇಕಾದ ಜಾಗಗಳಿಗೆ: ಬಾಯಿಯ ಒಳಪದರ, ಕರುಳು, ರಕ್ತ ತಯಾರಾಗುವ ಮೂಳೆಯ ಮಜ್ಜೆ. ಸಂಧಿವಾತಕ್ಕೆಂದು ಕೊಟ್ಟದ್ದನ್ನು ದಿನಾ ನುಂಗಿ ಪ್ರಾಣ ಕಳೆದುಕೊಂಡವರ ವರದಿಗಳು ಬೇರೆ ಬೇರೆ ದೇಶಗಳಿಂದ ಬಂದಿವೆ.

ಒಂದು ಅಡ್ಡ ಮಾತು, ಕ್ಷಮಿಸಿ. ಈ ಫೋಲಿಕ್ ಆಮ್ಲದ ಜಾಡು ಹಿಡಿದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಕೆಲಸ ಮಾಡಿದ್ದು ನಮ್ಮ ಬೊಂಬಾಯಿಯಲ್ಲಿ, 1928ರಿಂದ ಮುಂದೆ, ರಕ್ತಹೀನತೆಯಿಂದ ಬಳಲುತ್ತಿದ್ದ ಬಸುರಿಯರ ನಡುವೆ. ಯೀಸ್ಟಿನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುವುದನ್ನು ಆಕೆ ಕಂಡರು. ಮುಂದೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದೇ ಫೋಲಿಕ್ ಆಮ್ಲವನ್ನೂ, ಅದಕ್ಕೆ ಎದುರಾಳಿಯಾದ ಔಷಧಗಳನ್ನೂ ತಯಾರಿಸಿದ ತಂಡದ ಮುಖ್ಯಸ್ಥರು ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವುಗಳಲ್ಲಿ ಒಂದನ್ನು ಕೊಟ್ಟು ರಕ್ತದ ಕ್ಯಾನ್ಸರಿನ ಮಕ್ಕಳು ಸ್ವಲ್ಪ ಕಾಲವಾದರೂ ಸುಧಾರಿಸಿದ್ದನ್ನು ಪ್ರಕಟಿಸಿದರು. ಮೆಥೊಟ್ರೆಕ್ಸೇಟ್ ಆ ಔಷಧದ ತಮ್ಮ. ಇಷ್ಟು ದೊಡ್ಡ ಚರಿತ್ರೆ ಇರುವ ಮಾತ್ರೆಯನ್ನು ಗುಂಡಿಗಳ ಡಬ್ಬಿಯ ಮೂಲೆಗೆ ಬಿಸಾಕಿರುತ್ತಾರೆ ನಮ್ಮವರು.

ಕಾಂಪೌಂಡಿಗೆ ಬರೋಣ. ನಾನು ಅಕ್ಕನಿಗೆ ಹೇಳಿದೆ, ‘ಇವತ್ತು ರಾತ್ರಿ ಇದನ್ನ ಕೊಡಬೇಡಿ. ಒಂದು ದಿನ ತಡ ಆದ್ರೆ ಪರವಾಗಿಲ್ಲ. ಮೊದ್ಲು ಸ್ಟ್ರಿಪ್ಪೇ ತಂದು ತೋರಿಸಿ, ಅತ್ತೆಯವರ ಚೀಟಿ ಇದ್ರೆ ಅದನ್ನೂ ತನ್ನಿ.’

ಸ್ಟ್ರಿಪ್ ಕೈಗೆ ಬಂತು. ಕತ್ತರಿಸಿ ಉಳಿದ ತುದಿಯಲ್ಲಿ ಅಂಕಿ ಇತ್ತು: 7.5. ಚೀಟಿ ಊರಲ್ಲಿತ್ತು, ಮೊಮ್ಮಗಳು ಅದರ ಫೋಟೊ ಕಳಿಸಿದಳು. ಹಳೆಯ ಸ್ಟ್ರಿಪ್ಪಿನದೂ ಒಂದು ಕಳಿಸಮ್ಮಾ ಎಂದೆ. ಚೀಟಿಯಲ್ಲಿ ‘ಮೆಥೊಟ್ರೆಕ್ಸೇಟ್ 7.5 ಮಿ.ಗ್ರಾಂ, ವಾರಕ್ಕೊಮ್ಮೆ’ ಎಂದಿತ್ತು. ಹಳೆಯ ಸ್ಟ್ರಿಪ್ಪಿನಲ್ಲಿ ಒಂದೊಂದು ಮಾತ್ರೆ 2.5.

ಈಗ ಲೆಕ್ಕ ಹಾಕಿ. ಹಳೆಯದು ಎರಡೂವರೆಯ ಮಾತ್ರೆ, ಮೂರು ನುಂಗಿದರೆ ಏಳೂವರೆ, ಚೀಟಿಗೆ ಸರಿ. ದೊಡ್ಡಮ್ಮನ ತಲೆಯಲ್ಲಿ ಉಳಿದದ್ದು ‘ಮೂರು’ ಎಂಬುದಷ್ಟೇ. ಹೊಸ ಸ್ಟ್ರಿಪ್ಪಿನಲ್ಲಿ ಒಂದು ಮಾತ್ರೆಯೇ ಏಳೂವರೆ. ಅದರಲ್ಲಿ ಮೂರು ಎಂದರೆ ಇಪ್ಪತ್ತೆರಡೂವರೆ, ಒಂದೇ ರಾತ್ರಿಗೆ ಮೂರು ವಾರದ್ದು. ‘ದಿನಾನೋ ಎಂಥದೋ’ ಎಂಬುದು ‘ದಿನಾ’ ಆಗಿಬಿಟ್ಟಿದ್ದರೆ ಮೊದಲ ವಾರಕ್ಕೇ ಇಪ್ಪತ್ತೊಂದು ಪಟ್ಟು. ಯಾರದ್ದೂ ದೊಡ್ಡ ತಪ್ಪಿಲ್ಲ, ನೋಡಿ. ಮೈದುನ ಫೋನಿನಲ್ಲಿ ಕೇಳಿಸಿಕೊಂಡ ಹೆಸರನ್ನೂ ಅಂಕಿಯನ್ನೂ ಹೇಳಿ ಸರಿಯಾದ ಔಷಧವನ್ನೇ ತಂದಿದ್ದ. ಚೀಟಿಯಲ್ಲಿದ್ದ 7.5ಕ್ಕೆ 7.5ರ ಮಾತ್ರೆ ಸಿಕ್ಕಿತ್ತು. ನಮ್ಮಲ್ಲಿ ಈ ಔಷಧ 2.5, 5, 7.5, 10, 15 ಹೀಗೆ ಹಲವು ತೂಕದ ಮಾತ್ರೆಗಳಾಗಿ ಸಿಗುತ್ತದೆ, ಹಳದಿ ಬಣ್ಣದಲ್ಲೇ ಹೆಚ್ಚು.

ಆದ್ದರಿಂದ ‘ಎಷ್ಟು ಮಾತ್ರೆ’ ಎಂಬ ಲೆಕ್ಕವನ್ನು ನಾನು ನಂಬುವುದೇ ಇಲ್ಲ. ಎಷ್ಟು ಮಿಲಿಗ್ರಾಂ ಎಂದು ಚೀಟಿಯಿಂದ, ಒಂದು ಮಾತ್ರೆಯಲ್ಲಿ ಎಷ್ಟು ಎಂದು ಸ್ಟ್ರಿಪ್ಪಿನಿಂದ, ಎರಡನ್ನೂ ಎದುರಿಗಿಟ್ಟು ನೋಡಿದ ಮೇಲೆಯೇ ಮಾತ್ರೆ ಎಣಿಸುವುದು. ಚೀಟಿ ಇಲ್ಲದಿದ್ದರೆ ಎಣಿಸುವುದೇ ಇಲ್ಲ, ಬರೆದ ವೈದ್ಯರಿಗೆ ಫೋನು. ನಾನು ಎಷ್ಟು ವರ್ಷ ಅಂಗಡಿ ನಡೆಸಿದ್ದರೇನು, ದೊಡ್ಡಮ್ಮನ ಮೂತ್ರಪಿಂಡ ಹೇಗಿದೆ, ರಕ್ತದ ಎಣಿಕೆ ಎಷ್ಟಿದೆ ಎಂಬುದು ನನ್ನ ಕಣ್ಣಿಗೆ ಕಾಣುವಂಥದ್ದಲ್ಲ. ಈ ಔಷಧ ತೆಗೆದುಕೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು, ಅದನ್ನು ನೋಡಿ ಪ್ರಮಾಣ ಏರಿಸುವುದು, ಇಳಿಸುವುದು ವೈದ್ಯರ ಕೆಲಸ.

ನಮ್ಮ ಚೀಟಿಗಳ ಒಂದು ಅಭ್ಯಾಸವೂ ಇಲ್ಲಿ ಕಾಲಿಗೆ ತೊಡರುತ್ತದೆ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓದು ಬಾರದ ಅಜ್ಜಿಯಂದಿರಿಗೂ ಅರ್ಥವಾಗುವ ಭಾಷೆ ಅದು, ನನಗೆ ಬಹಳ ಇಷ್ಟ. ಆದರೆ ವಾರ ಎಂಬುದಕ್ಕೆ ಆ ಮೂರು ಮನೆಗಳಲ್ಲಿ ಜಾಗವೇ ಇಲ್ಲ. 0-0-3 ಎಂದು ಬರೆದು, ಪಕ್ಕದ ಇನ್ನೊಂದು ಕಾಲಂನಲ್ಲಿ ‘ವಾರಕ್ಕೊಮ್ಮೆ’ ಎಂದು ಸಣ್ಣದಾಗಿ ಮುದ್ರಿಸಿದರೆ ಮನೆಯವರ ಕಣ್ಣಿಗೆ ಬೀಳುವುದು 0-0-3 ಮಾತ್ರ. ವಾರದ ಹೆಸರನ್ನು ಪೂರ್ತಿ ಬರೆಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ‘ಶ’ ಎಂದರೆ ಶನಿವಾರವೋ ಶುಕ್ರವಾರವೋ ಎಂಬ ಜಗಳ ಬೇಡ, ‘ಶನಿವಾರ ರಾತ್ರಿ’ ಎಂದೇ ಇರಲಿ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯೂ ಇರುತ್ತದೆ, ಅದೂ ಹಳದಿ, ಅದೂ ಸಣ್ಣದು. ಅದನ್ನು ಕೆಲವರು ವಾರಕ್ಕೊಂದು ದಿನ ಬರೆಯುತ್ತಾರೆ, ಕೆಲವರು ಮೆಥೊಟ್ರೆಕ್ಸೇಟಿನ ದಿನ ಬಿಟ್ಟು ಉಳಿದ ದಿನಗಳಿಗೆ. ಈ ಎರಡು ಹಳದಿಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಒಂದೇ ಡಬ್ಬಿಗೆ ಸುರಿದರೆ ಆಮೇಲೆ ಫೋಟೊ ತೆಗೆದು ಕಳಿಸಿದರೂ ನನ್ನಿಂದ ಹೇಳಲಾಗದು.

ದೊಡ್ಡಮ್ಮನನ್ನೇ ಹೊರಗೆ ಕರೆಸಿ ಕೇಳಿದೆ, ‘ಬಾಯಲ್ಲಿ ಹುಣ್ಣಾಗಿದೆಯಾ? ಗಂಟಲು ನೋವು, ಜ್ವರ?’

‘ಇಲ್ಲಪ್ಪಾ. ಖಾರ ತಿನ್ನೋಕೆ ಆಗ್ತದೆ.’

ಆ ಉತ್ತರ ಕೇಳಿ ಸಮಾಧಾನವಾಯಿತು. ಮೆಥೊಟ್ರೆಕ್ಸೇಟ್ ಮಿತಿ ಮೀರಿದ್ದನ್ನು ಎಷ್ಟೋ ಸಲ ಮೊದಲು ಹೇಳುವುದು ಬಾಯಿಯೇ. ಸಾರು ಮುಟ್ಟಿದರೆ ಉರಿ, ತುಟಿಯ ಒಳಗೆ ಬಿಳಿ ಹುಣ್ಣು. ಅದರ ಹಿಂದೆಯೇ ಜ್ವರ, ಮೈಮೇಲೆ ಕಾರಣವಿಲ್ಲದ ನೀಲಿ ಗುರುತು, ವಸಡಿನಲ್ಲಿ ರಕ್ತ. ಒಣ ಕೆಮ್ಮು, ಏದುಸಿರು ಬಂದರೆ ಅದು ಬೇರೆ ಅಪಾಯ, ಶ್ವಾಸಕೋಶದ್ದು. ಇವುಗಳಲ್ಲಿ ಯಾವುದಿದ್ದರೂ, ಅಥವಾ ತಪ್ಪಿ ದಿನಾ ನುಂಗಿದ್ದಾರೆಂದು ಗೊತ್ತಾದರೆ, ಏನೂ ಆಗಿಲ್ಲವೆಂದು ಕಂಡರೂ ಅವತ್ತೇ ಆಸ್ಪತ್ರೆ. ‘ಫೋಲಿಕ್ ಆಮ್ಲದ ಮಾತ್ರೆ ಇದೆಯಲ್ಲ, ನಾಲ್ಕು ಜಾಸ್ತಿ ಕೊಟ್ಟರಾಯಿತು’ ಎಂಬ ಮನೆಮದ್ದು ಇಲ್ಲಿ ನಡೆಯದು. ಆಸ್ಪತ್ರೆಯಲ್ಲಿ ಕೊಡುವುದು ಫೋಲಿನಿಕ್ ಆಮ್ಲ. ಹೆಸರು ಹತ್ತಿರ, ವಸ್ತು ಬೇರೆ. ಮೆಥೊಟ್ರೆಕ್ಸೇಟ್ ಮುಚ್ಚಿದ ಬಾಗಿಲನ್ನು ಬಳಸಿಕೊಂಡು ಹೋಗುವ ಶಕ್ತಿ ಅದಕ್ಕಿದೆ.

ಇನ್ನೂ ಒಂದು ಕೇಳಿದೆ, ‘ಬೇರೆ ಏನಾದರೂ ಮಾತ್ರೆ ಶುರು ಮಾಡಿದ್ದೀರಾ, ದೊಡ್ಡಮ್ಮಾ?’ ಇದು ಲೋಕಾಭಿರಾಮದ ಪ್ರಶ್ನೆಯಲ್ಲ. ಉರಿಮೂತ್ರಕ್ಕೆಂದು ಕೊಡುವ ಕೋಟ್ರೈಮಾಕ್ಸಜೋಲ್ ಎಂಬ ಹಳೆಯ ಆಂಟಿಬಯೋಟಿಕ್ ಇದೆ. ಅದೂ ಫೋಲಿಕ್ ಆಮ್ಲದ ದಾರಿಗೇ ಅಡ್ಡ ಬರುವಂಥದ್ದು. ಎರಡೂ ಸೇರಿದರೆ ಸರಿಯಾದ ಪ್ರಮಾಣದಲ್ಲಿ ನುಂಗಿದ ಮೆಥೊಟ್ರೆಕ್ಸೇಟೂ ವಿಷದಂತೆ ಎರಗಬಹುದು. ಒಂದು ಸ್ಟ್ರಿಪ್ಪಿನ ಫೋಟೊದಲ್ಲಿ ಇನ್ನೊಂದು ಸ್ಟ್ರಿಪ್ ಕಾಣುವುದಿಲ್ಲವಲ್ಲ.

ಬಾಟಲಿಯ ಫೋಟೊಗಳದ್ದೂ ಇದೇ ತಲೆನೋವು, ಇನ್ನೊಂದು ವೇಷದಲ್ಲಿ. ಮಗುವಿನ ಜ್ವರದ ಔಷಧ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಸಿರಪ್ ಬಾಟಲಿಯ ಮೇಲೆ ‘ಪ್ರತಿ 5 ಮಿ.ಲೀ.ಯಲ್ಲಿ 125 ಮಿ.ಗ್ರಾಂ’ ಎಂದಿರುತ್ತದೆ, ಇನ್ನೊಂದು ಸಿರಪ್ಪಿನಲ್ಲಿ 5 ಮಿ.ಲೀ.ಗೆ 250. ಕೂಸುಗಳ ಡ್ರಾಪ್ಸ್ ಬಾಟಲಿಯಲ್ಲಿ ‘ಪ್ರತಿ ಮಿ.ಲೀ.ಯಲ್ಲಿ 100 ಮಿ.ಗ್ರಾಂ’. ಮೊದಲನೆಯ ಸಿರಪ್ಪಿನ ಒಂದು ಮಿ.ಲೀ.ಯಲ್ಲಿ 25 ಇದ್ದರೆ ಡ್ರಾಪ್ಸಿನಲ್ಲಿ ಅದರ ನಾಲ್ಕು ಪಟ್ಟು. ಪುಟ್ಟ ಬಾಟಲಿ, ಪುಟ್ಟ ಮಗು, ಹಾಗಾಗಿ ಔಷಧವೂ ಸೌಮ್ಯ ಎಂದು ಎಲ್ಲರೂ ತಿಳಿಯುತ್ತಾರೆ, ಇರುವುದು ತಿರುವುಮುರುವು. ಹತ್ತು ಕಿಲೊ ತೂಕದ ಮಗುವಿಗೆ ವೈದ್ಯರು ಒಂದು ಸಲಕ್ಕೆ 150 ಮಿ.ಗ್ರಾಂ ಎಂದಿದ್ದರೆ, 125ರ ಸಿರಪ್ಪಿನಲ್ಲಿ ಅದು 6 ಮಿ.ಲೀ., ಡ್ರಾಪ್ಸಿನಲ್ಲಿ ಒಂದೂವರೆ. ‘ಹೋದ ಸಲ ಆರು ಕೊಟ್ಟಿದ್ದೆ’ ಎಂದು ಡ್ರಾಪ್ಸಿನಲ್ಲಿ ಆರು ಹಾಕಿದರೆ 600 ಹೋಗುತ್ತದೆ, ಹಾಗೇ ಮತ್ತೆ ಮತ್ತೆ ಕೊಟ್ಟರೆ ಯಕೃತ್ತಿಗೆ ಅಪಾಯ. ಹಾಗಾಗಿ ಬಾಟಲಿಯ ಫೋಟೊ ಬಂದರೆ ನಾನು ಕೇಳುವುದು ಮಗುವಿನ ತೂಕ ಎಷ್ಟು, ಚೀಟಿಯಲ್ಲಿ ಮಿ.ಗ್ರಾಂ ಇದೆಯೋ ಮಿ.ಲೀ. ಇದೆಯೋ, ಇದು ಸಿರಪ್ಪೋ ಡ್ರಾಪ್ಸೋ. ಅಡುಗೆಮನೆಯ ಚಮಚ ಬೇಡವೇ ಬೇಡ, ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳವನ್ನೋ ಡ್ರಾಪರನ್ನೋ ಉಪಯೋಗಿಸಿ. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದಕ್ಕೆ ಹಾಕಲೂ ಬಾರದು.

ಫೋಟೊ ಕಳಿಸುವವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ಬೇಡ, ಹಗಲಾದರೆ ಕಿಟಕಿಯ ಪಕ್ಕ ಸ್ಟ್ರಿಪ್ಪನ್ನು ಸ್ವಲ್ಪ ಓರೆ ಮಾಡಿ ಹಿಡಿದರೆ ಹೊಳಪು ಜಾರುತ್ತದೆ. ಎರಡೂ ಬದಿ ಬೇಕು. ಎಕ್ಸ್‌ಪೈರಿ ಸಾಮಾನ್ಯವಾಗಿ ಒಂದು ತುದಿಯಲ್ಲಿ ಇರುತ್ತದೆ. ಮಾತ್ರೆ ತೆಗೆಯುವುದಾದರೆ ಇನ್ನೊಂದು ತುದಿಯಿಂದ ತೆಗೆಯುತ್ತಾ ಬನ್ನಿ. ಅಲ್ಲಿ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ಎಡಗಡೆ ಉದ್ದಕ್ಕೂ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ನುಂಗುವ ಔಷಧ ಅಲ್ಲ. ಯಾರದೋ ಮನೆಯಲ್ಲಿ ಉಳಿದದ್ದು ನಿಮಗೆ ಆಗುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ಮಗು ಮಾತ್ರೆ ನುಂಗಿಬಿಟ್ಟಿದೆ ಎಂದಾದರೆ ಫೋಟೊ ತೆಗೆಯುತ್ತಾ ಕೂರದೆ ಸ್ಟ್ರಿಪ್ಪನ್ನೇ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ, ಖಾಲಿಯಾದ ಗುಳಿಗಳನ್ನು ಅಲ್ಲಿಯವರು ಎಣಿಸಿಕೊಳ್ಳುತ್ತಾರೆ.

ದೊಡ್ಡಮ್ಮನ ವಿಷಯ ಮಾರನೆಯ ದಿನ ಬೆಳಿಗ್ಗೆ ಇತ್ಯರ್ಥವಾಯಿತು. ಊರಿನ ವೈದ್ಯರಿಗೆ ಫೋನು ಹೋಯಿತು. ಅವರು ಹೊಸ ಸ್ಟ್ರಿಪ್ಪಿನದು ಒಂದೇ ಮಾತ್ರೆ, ಶನಿವಾರ ರಾತ್ರಿ ಮಾತ್ರ ಎಂದರು. ರಕ್ತ ಪರೀಕ್ಷೆಯ ವರದಿ ಬಂದ ಮೇಲೆ ಬೇಕಿದ್ದರೆ ಹತ್ತಕ್ಕೆ ಏರಿಸುವ ಮಾತನ್ನೂ ಆಡಿದರಂತೆ. ಅದನ್ನು ಕೇಳಿಸಿಕೊಂಡ ಅಕ್ಕನ ಮಗಳು, ಹೆರಿಗೆಗೆಂದು ತವರಿಗೆ ಬಂದವಳು, ಜಾಣೆ, ಲೆಕ್ಕ ಮಾಡಿಬಿಟ್ಟಿದ್ದಳು.

‘ಮಾಮಾ, ಏಳೂವರೆಗೆ ಇನ್ನೊಂದು ಎರಡೂವರೆ ಸೇರಿದ್ರೆ ಹತ್ತು ಅಲ್ವಾ? ಇನ್ನೊಂದು ಮಾತ್ರೇನ ಚಾಕೂಲಿ ಮೂರು ಭಾಗ ಮಾಡಿ ಅಜ್ಜಿಗೆ ಒಂದು ಚೂರು ನಾನೇ ಕೊಡ್ತೀನಿ.’

‘ನೀನು ಅದನ್ನ ಮುಟ್ಟಲೇಬೇಡಮ್ಮಾ’ ಎಂದೆ. ಮುರಿದ ಮೆಥೊಟ್ರೆಕ್ಸೇಟಿನ ಪುಡಿ ಬಸುರಿಯರ ಕೈಗೆ ತಾಗಬಾರದು, ಹೊಟ್ಟೆಯಲ್ಲಿರುವ ಕೂಸಿಗೆ ಅದು ಆಗದು. ಪ್ರಮಾಣ ಏರಿಸಿದರೆ ಮುರಿಯದೆ ಕೊಡುವಂಥ ಮಾತ್ರೆಯನ್ನೇ ಹೊಸ ಚೀಟಿ ತೋರಿಸಿ ತರಿಸಿದರಾಯಿತು. ಅಷ್ಟು ದಿನ ಸ್ಟ್ರಿಪ್ ದೊಡ್ಡಮ್ಮನ ಟ್ರಂಕಿನಲ್ಲಿರಲಿ, ಶನಿವಾರ ಅಕ್ಕನೇ ಒಂದು ಎತ್ತಿಕೊಡಲಿ ಎಂದು ಮಾತಾಯಿತು.